ಪದಚರ್ಚೆ: ‘ವಸ್ತುನಿಷ್ಠ ಅಂಕ’ ಎನ್ನಬಹುದೇ? ಪರದೆ ಮೇಲಿನ ಪಟ್ಟೆಗೆ ಏನನ್ನೋಣ?

ಶ್ರೀಲತಾ, ಮಾಟುಂಗಾ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಯಕ್ಷಗಾನ ರೆಕಾರ್ಡಿಂಗ್‌ಗಳನ್ನು ಚಿಕ್ಕ ಫೈಲ್ ಮಾಡಿ ಇಡುವ ಕೆಲಸ ನಡೆಯುತ್ತಿದೆ. ಕೈಜೋಡಿಸಿರುವ ಹುಡುಗರಿಗಾಗಿ ಕನ್ನಡದಲ್ಲೇ ಎರಡು ಪುಟದ ಸೂಚನೆ ಬರೆಯುತ್ತಿದ್ದೇನೆ. ಎರಡು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಕುಗ್ಗಿಸಿದ ವಿಡಿಯೊ ಹೇಗಿದೆ ಎಂದು ತಿಳಿಯಲು ವಿಮ್ಯಾಫ್ ಬಳಸುತ್ತೇವೆ. ಮೂಲ ಫೈಲನ್ನೂ ಕುಗ್ಗಿಸಿದ ಫೈಲನ್ನೂ ಕೊಟ್ಟರೆ ಅದು ಸೊನ್ನೆಯಿಂದ ನೂರರೊಳಗೆ ಒಂದು ಅಂಕ ಕೊಡುತ್ತದೆ. ಇಂಗ್ಲಿಷಿನವರು ಇಂಥದ್ದನ್ನು ಆಬ್ಜೆಕ್ಟಿವ್ ಸ್ಕೋರ್ ಅನ್ನುತ್ತಾರೆ. ನಾನು ‘ವಸ್ತುನಿಷ್ಠ ಅಂಕ’ ಎಂದು ಬರೆದೆ. ಓದಿದ ಹುಡುಗನೊಬ್ಬ ‘ಹಾಗಾದ್ರೆ ನಾವು ಕೂತು ನೋಡೋದೇ ಬೇಡ ಅಲ್ವಾ ಅಕ್ಕಾ?’ ಅಂದ. ಪದ ಅವನಿಗೆ ಹಾಗೆ ಅರ್ಥವಾಗಿದೆ.

ಆದರೆ ನೋಡದೆ ಆಗುವುದಿಲ್ಲ. ಎರಡು ಗಂಟೆಯ ಒಂದು ಪ್ರಸಂಗಕ್ಕೆ ಸರಾಸರಿ 95 ಬಂತು. ಟಿವಿಯಲ್ಲಿ ಹಾಕಿದರೆ ರಂಗದ ಹಿಂದಿನ ಕಡುನೀಲಿ ಪರದೆ ಹಾಳಾಗಿದೆ. ಬೆಳಕು ಮೆಲ್ಲಗೆ ಕತ್ತಲಿಗೆ ಇಳಿಯಬೇಕಾದ ಕಡೆ ಒಂದರ ಪಕ್ಕ ಒಂದು ಗೆರೆ ಎಳೆದ ಹಾಗೆ ಬಳೆ ಬಳೆಯಾಗಿ ಕಾಣುತ್ತದೆ. ವೇಷಧಾರಿ ಕುಣಿದಾಗ ಆ ಬಳೆಗಳೂ ಅಲ್ಲಾಡುತ್ತವೆ. ಇಂಗ್ಲಿಷಿನಲ್ಲಿ ಬ್ಯಾಂಡಿಂಗ್. ‘ಪಟ್ಟೆ’ ಎಂದರೆ ಸಾಕೇ? ಸೀರೆಯ ಪಟ್ಟೆ ನೆನಪಾಗುತ್ತದೆ ಎಂದು ಅನುಮಾನ.

ಅಂಕ ತೆಗೆಯುವ ಸಾಲು ಇದು, ಯಾರಿಗಾದರೂ ಬೇಕಿದ್ದರೆ:

```
ffmpeg -i chikka.mp4 -i moola.mov -lavfi "[0:v]setpts=PTS-STARTPTS[d];[1:v]setpts=PTS-STARTPTS[r];[d][r]libvmaf=log_fmt=json:log_path=anka.json" -f null -
```

ವಾಮನ ರಾವ್, ಡೊಂಬಿವಲಿ

ಶ್ರೀಲತಾ ಅವರೇ, ‘ವಸ್ತುನಿಷ್ಠ’ ಸರಿಯಾಗಿಯೇ ಇದೆ. ಬ್ಯಾಂಕಿನಲ್ಲಿದ್ದಾಗ ನಾವೂ ಅದನ್ನೇ ಬರೆಯುತ್ತಿದ್ದೆವು. ಯಂತ್ರಕ್ಕೆ ನಮ್ಮವರು ಬೇರೆಯವರು ಎಂಬುದಿಲ್ಲ. ಇಂದು ತೆಗೆದರೂ ನಾಳೆ ತೆಗೆದರೂ ಅದೇ ಅಂಕ. ನಿಮ್ಮ ಕಣ್ಣು ಬೆಳಿಗ್ಗೆ ಒಂದು ಹೇಳುತ್ತದೆ, ರಾತ್ರಿ ಒಂದು ಹೇಳುತ್ತದೆ. 95 ಅಂದರೆ ಮೂಲದ ಶೇಕಡಾ 95ರಷ್ಟು ಉಳಿದಿದೆ, ಐದು ಪಾಲು ಮಾತ್ರ ಹೋಗಿದೆ ಎಂದರ್ಥ. ಆ ಐದು ಪಾಲು ನಿಮ್ಮ ಪರದೆಯಲ್ಲಿ ಹೋಗಿದೆ, ಅಷ್ಟೆ.

ಸರೋಜಾ, ಮಡಗಾಂವ್

ಕಣ್ಣಿನ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ನನಗೆ ಪೊರೆ ತೆಗೆಸಿದ ಮೇಲೆ ನೀಲಿ ಬಣ್ಣ ಜಾಸ್ತಿ ಕಾಣುತ್ತಿದೆ. ಮಗಳ ಮನೆಯ ಟಿವಿಯಲ್ಲಿ ಕತ್ತಲ ದೃಶ್ಯ ಬಂದರೆ ನನಗೂ ಬಳೆ ಬಳೆ ಕಾಣುತ್ತದೆ. ಡಾಕ್ಟರು ಕಣ್ಣು ಸರಿಯಿದೆ ಅಂದರು. ಈ ಅಂಕ ತೆಗೆಯುವುದು ಕನ್ನಡಕದ ಅಂಗಡಿಯಲ್ಲಿ ಆಗುತ್ತದೆಯೇ?

ಜಯಂತ, ಪುಣೆ

ಸರೋಜಕ್ಕ, ಅದು ಕಣ್ಣಿನ ನಂಬರ್ ಅಲ್ಲ, ವಿಡಿಯೊಗೆ ಕೊಡುವ ಅಂಕ. ಆದರೆ ನಿಮ್ಮ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಜನರನ್ನು ಕೂರಿಸಿ ವಿಡಿಯೊ ತೋರಿಸಿ ಅಭಿಪ್ರಾಯ ಕೇಳುವ ಪರೀಕ್ಷೆಗಳಲ್ಲಿ ಮೊದಲು ಎಲ್ಲರ ದೃಷ್ಟಿಯನ್ನೂ ಬಣ್ಣ ಗುರುತಿಸುವ ಶಕ್ತಿಯನ್ನೂ ನೋಡುತ್ತಾರೆ. ನಿಮಗೆ ಕಾಣುತ್ತಿರುವ ಬಳೆಯೂ ವಿಡಿಯೊದಲ್ಲೇ ಇರಬಹುದು.

ರಾಯರೇ, ಅದೇ ಫೈಲಿಗೆ ಅದೇ ಅಂಕ ಎಂದಿರಿ, ಅದು ನಿಜ. ಶೇಕಡಾ ಲೆಕ್ಕ ಮಾತ್ರ ಅಲ್ಲ. ನಾನು ದಿನವೂ ಕೈಯಾಡಿಸುವ ಸರಕು ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ವಿಮ್ಯಾಫ್ ಅನ್ನು ನೆಟ್‌ಫ್ಲಿಕ್ಸ್ 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದನ್ನು ಮಾಡಿದ್ದು ಹೇಗೆ ನೋಡಿ. ಕೆಡಿಸಿದ ವಿಡಿಯೊ ತುಣುಕುಗಳನ್ನು ಜನರಿಗೆ ತೋರಿಸಿ, ಹೇಗಿದೆ ಎಂದು ಕೇಳಿ, ಉತ್ತರಗಳನ್ನು ಸೇರಿಸಿದರು. ಅದೇ ತುಣುಕುಗಳಲ್ಲಿ ವಿವರ ಎಷ್ಟು ಅಳಿಸಿದೆ, ಚೌಕಟ್ಟಿನಿಂದ ಚೌಕಟ್ಟಿಗೆ ಎಷ್ಟು ಚಲನೆ ಇದೆ ಎಂಬಂಥ ಕೆಲವು ಅಳತೆ ತೆಗೆದರು. ಈ ಅಳತೆ ಬಂದರೆ ಜನ ಏನನ್ನಬಹುದು ಎಂದು ಊಹಿಸಲು ಯಂತ್ರಕ್ಕೆ ಕಲಿಸಿದರು. ಹಾಗಾಗಿ ನಿಮಗೆ ಬರುವ ಅಂಕ ಜನಾಭಿಪ್ರಾಯದ ಊಹೆ. 70 ಬಂದರೆ, ಸಾಮಾನ್ಯ ನೋಡುಗ ‘ಗುಡ್’ ಮತ್ತು ‘ಫೇರ್’ ಎರಡರ ನಡುವೆ ಎಲ್ಲೋ ಹೇಳಿಯಾನು ಎಂದು ಓದಿಕೊಳ್ಳಬೇಕು. ಅದೂ 1080 ಸಾಲಿನ ಟಿವಿಯನ್ನು ಚಿತ್ರದ ಎತ್ತರದ ಮೂರು ಪಟ್ಟು ದೂರದಿಂದ ನೋಡಿದಾಗ. 43 ಇಂಚಿನ ಟಿವಿಯ ಚಿತ್ರ ಸುಮಾರು 53 ಸೆಂಟಿಮೀಟರ್ ಎತ್ತರ. ಅಂದರೆ ಐದೂಕಾಲು ಅಡಿ ದೂರ. ಮುಂಬೈ ಮನೆಗಳಲ್ಲಿ ಅದಕ್ಕಿಂತ ಹಿಂದೆ ಸರಿದರೆ ಅಡುಗೆಮನೆ ಬರುತ್ತದೆ ಬಿಡಿ. ಮೊಬೈಲಿಗೆ, ನಾಲ್ಕು ಕೆ ಟಿವಿಗೆ ಬೇರೆ ಮಾದರಿಗಳಿವೆ.

ಇನ್ನು ಪರದೆ. ಶ್ರೀಲತಾ ಅವರೇ, ಒಂದು ಕೇಳುತ್ತೇನೆ. ಬಳೆ ಕಾಣುವ ಕಡೆಯ ಅಂಕವನ್ನು ಬೇರೆಯಾಗಿ ನೋಡಿದಿರಾ? `anka.json` ಒಳಗೆ ಪ್ರತಿ ಚೌಕಟ್ಟಿನ ಅಂಕವೂ ಇರುತ್ತದೆ. ಇದನ್ನು ಯಾಕೆ ಕೇಳುತ್ತೇನೆಂದರೆ, ಎರಡು ಗಂಟೆಗೆ, ಸೆಕೆಂಡಿಗೆ 25ರಂತೆ, 1,80,000 ಚೌಕಟ್ಟು. ಹತ್ತು ಸೆಕೆಂಡು ಪೂರ್ತಿ ಕೆಟ್ಟು 60ಕ್ಕೆ ಇಳಿಯಿತು ಅನ್ನಿ. ಅದು 250 ಚೌಕಟ್ಟು ಮಾತ್ರ. ಸರಾಸರಿ 95 ಇದ್ದದ್ದು 94.95 ಆಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಕೊನೆಯಲ್ಲಿ ಬರುವ `harmonic_mean` ಕೆಟ್ಟ ಚೌಕಟ್ಟುಗಳಿಗೆ ಹೆಚ್ಚು ತೂಕ ಕೊಡುತ್ತದೆ ನಿಜ, ಆದರೆ ಇಲ್ಲಿ ಅದೂ 94.92 ಅನ್ನುತ್ತದೆ. `min` ನೋಡಿ, ಆಮೇಲೆ ಇಡೀ ಸಾಲನ್ನು ಗ್ರಾಫ್ ಹಾಕಿ ನೋಡಿ.

ಶ್ರೀಲತಾ, ಮಾಟುಂಗಾ

ನೋಡಿದೆ ಜಯಂತ್. ಅದೇ ವಿಚಿತ್ರ. ಆ ಭಾಗದಲ್ಲಿ ಅಂಕ ಬಿದ್ದೇ ಇಲ್ಲ, 96ರ ಆಸುಪಾಸಿನಲ್ಲೇ ಇದೆ. ಬಿದ್ದಿರುವುದು ಯುದ್ಧದ ಕುಣಿತದಲ್ಲಿ, ಅಲ್ಲಿ ನನ್ನ ಕಣ್ಣಿಗೆ ಏನೂ ತೊಂದರೆ ಕಾಣಲಿಲ್ಲ! ಮೂಲ ಫೈಲನ್ನೂ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿದೆ. ಅಲ್ಲಿ ಬಳೆ ಇಲ್ಲ. ಪರದೆ ಮೇಲೆ ರವೆ ಚೆಲ್ಲಿದ ಹಾಗೆ ಸಣ್ಣ ಕಾಳು ಕಾಳು ಇದೆ.

ಜಯಂತ, ಪುಣೆ

ಹಾಗಾದರೆ ಇದು ಸರಾಸರಿಯ ತಪ್ಪಲ್ಲ. ಆ ರವೆಯೇ ಗುಟ್ಟು.

ಕಡಿಮೆ ಬೆಳಕಿನಲ್ಲಿ ತೆಗೆದದ್ದರಿಂದ ಕ್ಯಾಮೆರಾ ಆ ಕಾಳುಗಳನ್ನು ಸೇರಿಸಿದೆ. ಎಂಟು ಬಿಟ್‌ನಲ್ಲಿ ಬೆಳಕಿಗೆ ಇರುವುದೇ 256 ಮೆಟ್ಟಿಲು, ಕಡುನೀಲಿ ಪರದೆಯ ಪಾಲಿಗೆ ಅದರಲ್ಲಿ ಕೆಲವೇ ಕೆಲವು. ಕಾಳು ಇರುವವರೆಗೆ ಒಂದು ಮೆಟ್ಟಿಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯುವುದಿಲ್ಲ, ಅಂಚು ಚದುರಿಹೋಗಿರುತ್ತದೆ. ಕುಗ್ಗಿಸುವ ಸಾಫ್ಟ್‌ವೇರಿಗೆ ಕಾಳು ಅಂದರೆ ದುಬಾರಿ ಬಾಬತ್ತು. ಮೊದಲು ಅದನ್ನೇ ಒರೆಸಿ ಹಾಕುತ್ತದೆ. ಒರೆಸಿದ ಮೇಲೆ ಮೆಟ್ಟಿಲಿನ ಅಂಚು ಬಯಲಾಗುತ್ತದೆ.

ಮೆಟ್ಟಿಲಿಗೂ ಮೆಟ್ಟಿಲಿಗೂ ವ್ಯತ್ಯಾಸ ಒಂದೇ ಒಂದು ಹಂತ. ವಿಮ್ಯಾಫ್‌ನ ಅಳತೆಗಳು ಇಷ್ಟು ನವಿರಾದ ಅಂಚನ್ನು ಹೆಚ್ಚುಕಡಿಮೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಣ್ಣು ಹಾಗಲ್ಲ, ನಯವಾದ ಜಾಗದಲ್ಲಿ ಉದ್ದ ಗೆರೆ ಸಿಕ್ಕರೆ ತಟ್ಟನೆ ಹಿಡಿಯುತ್ತದೆ, ದೂರದಿಂದಲೂ ಹಿಡಿಯುತ್ತದೆ. ಕುಣಿತದಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಕಳೆದುಹೋದ ವಿವರವನ್ನು ಲೆಕ್ಕ ಹಿಡಿದಿದೆ, ನಿಮ್ಮ ಕಣ್ಣು ಕಾಲಿನ ಹಿಂದೆ ಓಡುತ್ತಿತ್ತು. ಅಂದಹಾಗೆ ವೇಷದ ಕೆಂಪು ಬಣ್ಣ ಕಲಸಿಹೋದರೂ ವಿಮ್ಯಾಫ್ ಸುಮ್ಮನಿರುತ್ತದೆ, ಅದು ನೋಡುವುದು ಬೆಳಕಿನ ಪಾಲನ್ನು ಮಾತ್ರ.

ಈ ಬಳೆಗಾಗಿಯೇ ಅದೇ ಕಂಪನಿ 2021ರಲ್ಲಿ ಕ್ಯಾಂಬಿ ಎಂಬ ಬೇರೆ ಅಳತೆ ತಂದಿದೆ. ಅದಕ್ಕೆ ಮೂಲ ಫೈಲೂ ಬೇಕಿಲ್ಲ. ಸೊನ್ನೆ ಬಂದರೆ ಬಳೆ ಇಲ್ಲ, 5ರ ಸುತ್ತ ಬಂದರೆ ಕಿರಿಕಿರಿ ಶುರು. ಗಮನಿಸಿ, ಇಲ್ಲಿ ಅಂಕ ಹೆಚ್ಚಿದಷ್ಟೂ ಕೆಟ್ಟದ್ದು, ನಿಮ್ಮ ಸೂಚನೆಯಲ್ಲಿ ಇದನ್ನು ಬರೆಯದಿದ್ದರೆ ಹುಡುಗರು ಉಲ್ಟಾ ಓದಿಬಿಡುತ್ತಾರೆ.

ಮದ್ದು ಏನೆಂದರೆ, ಎಕ್ಸ್264ರಲ್ಲಿ `aq-mode=3` ಕೊಟ್ಟರೆ ಕತ್ತಲ ಭಾಗಕ್ಕೆ ಹೆಚ್ಚು ಬಿಟ್ ಹೋಗುತ್ತದೆ. ಹತ್ತು ಬಿಟ್‌ನಲ್ಲಿ ಕುಗ್ಗಿಸಿದರೆ ಇನ್ನೂ ಒಳ್ಳೆಯದು, ಆದರೆ ಹತ್ತು ಬಿಟ್‌ನ ಎಚ್.264 ಫೈಲ್ ಅನೇಕ ಟಿವಿಗಳಲ್ಲಿ ಓಡುವುದೇ ಇಲ್ಲ.

ಪದದ ಬಗ್ಗೆ: ನನಗೆ ‘ವಸ್ತುನಿಷ್ಠ’ ಬೇಡ. ‘ಲೆಕ್ಕದ ಅಂಕ’, ‘ನೋಟದ ಅಂಕ’ ಎಂದು ಜೋಡಿ ಮಾಡಿ.

ಬಸವರಾಜ, ಠಾಣೆ

ಜಯಂತ ಅವರು ‘ಗುಡ್’, ‘ಫೇರ್’ ಅಂತ ಇಂಗ್ಲಿಷಿನಲ್ಲೇ ಬಿಟ್ಟುಬಿಟ್ಟರಲ್ಲ, ನಿಜವಾದ ತೊಡಕು ಇರುವುದೇ ಅಲ್ಲಿ. ನಿಮ್ಮ ಹುಡುಗರು ನಾಳೆ ಸಂಘದ ಹಿರಿಯರನ್ನು ಕೂರಿಸಿ ‘ಹೇಗಿದೆ?’ ಎಂದು ಕೇಳುತ್ತಾರೆ. ಉತ್ತರಕ್ಕೆ ತುಂಬಾ ಚೆನ್ನಾಗಿದೆ ಎಂಬುದರಿಂದ ತೀರಾ ಕೆಟ್ಟದ್ದು ಎಂಬುದರವರೆಗೆ ಐದು ಮೆಟ್ಟಿಲು, ಐದಕ್ಕೂ ಐದು ಕನ್ನಡ ಮಾತು ಬೇಕು. ‘ಫೇರ್’ಗೆ ಏನು ಕೊಡುತ್ತೀರಿ? ನಮ್ಮ ಧಾರವಾಡ ಕಡೆ ‘ಅಡ್ಡಿಯಿಲ್ಲ’ ಅಂದರೆ ಹೊಗಳಿದ ಹಾಗೆಯೇ. ನಮ್ಮ ದೊಡ್ಡಪ್ಪ ಊಟ ಮಾಡಿ ‘ಅಡ್ಡಿಯಿಲ್ಲ’ ಅಂದರೆ ಅಡುಗೆಯವರು ಖುಷಿಯಾಗುತ್ತಿದ್ದರು. ಬೇರೆ ಊರಿನವರು ಅದನ್ನು ‘ಹೇಗೋ ನಡೆಯುತ್ತದೆ’ ಎಂದು ತಿಳಿಯಬಹುದು. ‘ಸುಮಾರು’ ಇನ್ನೂ ಕಷ್ಟ. ಹುಡುಗ ಸುಮಾರು ಅಂದರೆ ಅಷ್ಟಕ್ಕಷ್ಟೆ, ಸುಮಾರು ಜನ ಬಂದಿದ್ದರು ಅಂದರೆ ಬಹಳ ಜನ. ಒಂದೇ ಪರದೆ ನೋಡಿ ಕುಂದಾಪುರದವರು 3 ಕೊಟ್ಟರೆ ನಾವು 4 ಕೊಡುತ್ತೇವೆ. ಸರಾಸರಿ ತೆಗೆದು ಏನು ಮಾಡುತ್ತೀರಿ?

ಜಯಂತ, ಪುಣೆ

ಬಸವರಾಜ ಅವರೇ, ಇದು ಎಲ್ಲ ಭಾಷೆಗಳಲ್ಲೂ ಇರುವ ತಲೆನೋವು. ಐದು ಪದಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ, ಒಂದು ಭಾಷೆಯ ಅಂತರ ಇನ್ನೊಂದಕ್ಕೆ ಹೊಂದುವುದೂ ಇಲ್ಲ. ಇದಕ್ಕೆ ಒಂದು ದಾರಿ ಇದೆ. ‘ಹೇಗಿದೆ’ ಎಂದು ಕೇಳಬೇಡಿ. ಹತ್ತು ಸೆಕೆಂಡಿನ ಮೂಲ ತೋರಿಸಿ, ಆಮೇಲೆ ಕುಗ್ಗಿಸಿದ್ದು ತೋರಿಸಿ, ‘ಕೆಟ್ಟದ್ದು ಗೊತ್ತಾಯಿತೇ, ಗೊತ್ತಾದರೆ ಕಿರಿಕಿರಿ ಆಯಿತೇ’ ಎಂದು ಕೇಳಿ. ಗೊತ್ತಾಗಲಿಲ್ಲ, ಗೊತ್ತಾಯಿತು ಆದರೆ ಕಿರಿಕಿರಿ ಇಲ್ಲ, ಸ್ವಲ್ಪ ಕಿರಿಕಿರಿ, ಕಿರಿಕಿರಿ, ತುಂಬಾ ಕಿರಿಕಿರಿ. ಇದೂ ಅಂತರರಾಷ್ಟ್ರೀಯ ಶಿಫಾರಸಿನಲ್ಲಿರುವ ಐದು ಮೆಟ್ಟಿಲೇ. ಕಿರಿಕಿರಿಗೆ ಊರಿನ ಭೇದ ಕಡಿಮೆ ಎಂದುಕೊಂಡಿದ್ದೇನೆ. ಆ ಶಿಫಾರಸು ಕನಿಷ್ಠ 15 ಜನ ಬೇಕು ಎನ್ನುತ್ತದೆ. ಮತ್ತೆ, ಪರದೆ ಕಡೆ ನೋಡಿ ಅಂತ ಮೊದಲೇ ಹೇಳಿಬಿಡಬೇಡಿ, ಹೇಳಿದರೆ ಇಲ್ಲದ ಬಳೆಯೂ ಕಾಣುತ್ತದೆ.

ವಾಮನ ರಾವ್, ಡೊಂಬಿವಲಿ

ಶೇಕಡಾ ಲೆಕ್ಕ ಬಿಟ್ಟೆ. ‘ವಸ್ತುನಿಷ್ಠ’ ಬಿಡುವುದಿಲ್ಲ. ಜನರ ಅಭಿಪ್ರಾಯದಿಂದ ಹುಟ್ಟಿದರೂ ಅಂಕ ಈಗ ಯಾರ ಮರ್ಜಿಯಲ್ಲೂ ಇಲ್ಲ. ಪದಕೋಶದಲ್ಲಿ ಇರುವುದು ಇರಲಿ. ಪಕ್ಕದಲ್ಲಿ ಬೇಕಾದರೆ ನಿಮ್ಮ ‘ಲೆಕ್ಕದ ಅಂಕ’ ಹಾಕಿ.

ಶ್ರೀಲತಾ, ಮಾಟುಂಗಾ

ಸೂಚನೆಯಲ್ಲಿ ‘ಲೆಕ್ಕದ ಅಂಕ’, ‘ನೋಟದ ಅಂಕ’ ಎಂದೇ ಬರೆಯುತ್ತೇನೆ. ರಾಯರ ಪದ ಕೊನೆಯ ಪದಪಟ್ಟಿಯಲ್ಲಿ ಇರುತ್ತದೆ. ಬ್ಯಾಂಡಿಂಗ್‌ಗೆ ಇನ್ನೂ ಏನೂ ಗೊತ್ತಾಗಲಿಲ್ಲ. ಈ ಚರ್ಚೆಯಲ್ಲಿ ಎಲ್ಲರೂ ‘ಬಳೆ’ ಅನ್ನುತ್ತಾ ಬಂದಿದ್ದೇವೆ, ಆದರೆ ಬೆಳಗಿನ ಆಕಾಶದಲ್ಲಿ ಅದು ಅಡ್ಡಗೆರೆಯಾಗಿ ಕಾಣುತ್ತದೆ, ಅಲ್ಲಿ ಬಳೆ ಅನ್ನಲಾಗದು. ‘ಮೆಟ್ಟಿಲುಗಟ್ಟುವುದು’ ಅಂದರೆ ಎರಡಕ್ಕೂ ಹೊಂದೀತೇ? ಸರೋಜಕ್ಕ, ಟಿವಿ ನೋಡುವಾಗ ನಿಮ್ಮ ಬಾಯಿಗೆ ಯಾವ ಮಾತು ಬರುತ್ತದೆ ಹೇಳಿ.