ಸಹಾಯ ಬೇಕು: ಬಾಡಿಗೆ ಫ್ಲ್ಯಾಟಿನಲ್ಲಿ ಪೈಪ್ ಒಡೆದ ಹಾನಿ, ವಿಮೆ ಕ್ಲೇಮ್ ಪತ್ರ ನೋಡಿಕೊಡಿ

ಸಿಂಕಿನ ಕೆಳಗಿನ ಕನೆಕ್ಷನ್ ಪೈಪ್ ನಟ್ಟಿನ ಹತ್ತಿರ ಸೀಳಿ ಅಡುಗೆಮನೆ, ಹಾಲ್ ಎರಡಕ್ಕೂ ನೀರು ನುಗ್ಗಿದೆ. ನಮ್ಮ ಪಾಲಿಸಿ ಬಾಡಿಗೆದಾರರದ್ದು, ಮನೆಯೊಳಗಿನ ಸಾಮಾನಿಗೆ ಮಾತ್ರ. ಹಾಗಾಗಿ ಉಬ್ಬಿದ ಮರದ ನೆಲ, ಗೋಡೆಯ ಬಣ್ಣ ಪತ್ರದಲ್ಲಿಲ್ಲ. ಅದನ್ನು ಮಾಲೀಕರು ತಮ್ಮ ಪಾಲಿಸಿಯಲ್ಲಿ ಕೇಳುತ್ತಾರೆ. ಸೋಫಾ, ಕಾರ್ಪೆಟ್, ಫ್ರಿಜ್ ಮಾತ್ರ ಬರೆದಿದ್ದೇವೆ.

ಕಾರಣದ ಪ್ಯಾರಾ ಹೀಗಿದೆ:

"ಬೆಳಿಗ್ಗೆ 6 ಗಂಟೆಗೆ ನೀರು ಕಂಡ ತಕ್ಷಣ ಮುಖ್ಯ ವಾಲ್ವ್ ಮುಚ್ಚಿದೆವು. ಹಿಂದಿನ ರಾತ್ರಿ 11ಕ್ಕೆ ನೆಲ ಒಣಗಿತ್ತು. ಪೈಪ್ ಏಕಾಏಕಿ ಸೀಳಿದೆ. ಒಡೆದ ತುಂಡನ್ನು ತೆಗೆದಿಟ್ಟಿದ್ದೇವೆ."

'ಸೋರಿಕೆ' ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇವೆ. ಬಹುದಿನದಿಂದ ಜಿನುಗಿದ ನೀರಿನ ಹಾನಿಯನ್ನು ಹೆಚ್ಚಿನ ಪಾಲಿಸಿಗಳು ಹೊರಗಿಡುತ್ತವೆ. ಪ್ಲಂಬರ್ ಬಿಲ್ಲಿನಲ್ಲಿ ಮಾತ್ರ 'ಸೋರಿಕೆ ರಿಪೇರಿ' ಎಂದಿದೆ, ಅದೇ ಚಿಂತೆ. ಸಿಂಕಿನ ಕೆಳಗಿನ ಹಲಗೆಯಲ್ಲಿ ಹಳೆಯ ಕಪ್ಪು ಕಲೆಯಾಗಲಿ ಬೂಷ್ಟಾಗಲಿ ಇಲ್ಲ. ಅದರ ಹತ್ತಿರದ ಫೋಟೋ ಇದೆ.

ತಿಳಿದವರು ಹೇಳಿ: ಸೀಳು ಎಲ್ಲಿತ್ತು, ಹೇಗಿತ್ತು ಎಂದು ಪ್ಲಂಬರ್‌ನಿಂದ ಬೇರೆ ಚೀಟಿ ಬರೆಸಿ ಲಗತ್ತಿಸಿದರೆ ಸಾಕೇ, ಬಿಲ್ಲನ್ನೇ ತಿದ್ದಿಸಬೇಕೇ? ಇನ್ನೊಂದು, ನಾವೇ ಮಾಡಿಸಿ ಗೋಡೆಗೆ ಸ್ಕ್ರೂ ಹಾಕಿದ ಕಪಾಟಿನ ತಳ ಉಬ್ಬಿದೆ. ಬಿಲ್ ನಮ್ಮ ಹೆಸರಲ್ಲೇ ಇದೆ. ಅದು ಸಾಮಾನಿನ ಲೆಕ್ಕವೋ, ಕಟ್ಟಡದ ಲೆಕ್ಕವೋ? ನಮ್ಮ ಮತ್ತು ಮಾಲೀಕರ ಕ್ಲೇಮ್ ಎರಡರಲ್ಲೂ ಒಂದೇ ವಸ್ತು ಬಂದರೆ ಎರಡಕ್ಕೂ ತಡೆ ಬೀಳಬಹುದು.

ಒದ್ದೆ ಕಾರ್ಪೆಟ್ ವಾಸನೆ ಬರುತ್ತಿದೆ, ಆದರೂ ಸರ್ವೇಯರ್ ನೋಡುವವರೆಗೆ ಎಸೆಯದೆ ಬಾಲ್ಕನಿಯಲ್ಲಿಟ್ಟಿದ್ದೇವೆ.