ಅಪ್‌ಡೇಟ್: ಎಲ್‌ಜಿ ಫ್ರಿಜ್‌ನ ವರ್ಷ ಸಿಕ್ಕಿತು

ನಾನು ಕೇಳಿದ್ದು: "ಸೆಕೆಂಡ್‌ ಹ್ಯಾಂಡ್ ಎಲ್‌ಜಿ ಫ್ರಿಜ್ ನೋಡಿದ್ದೇನೆ. ಲೇಬಲ್‌ನಲ್ಲಿ ತಯಾರಾದ ದಿನ ಅಳಿಸಿಹೋಗಿದೆ. ಸೀರಿಯಲ್ ನಂಬರಿಂದ ವರ್ಷ ತಿಳಿಯುತ್ತಾ?"

ತಿಳಿಯಿತು. ನೀವು ಹೇಳಿದ ಹಾಗೆ ಫ್ಲ್ಯಾಶ್ ಆಫ್ ಮಾಡಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಸೀರಿಯಲ್ ನಂಬರಿನ ಇನ್ನೊಂದು ಫೋಟೋ ತೆಗೆದೆ. ಮೊದಲು 6 ಅಥವಾ 8 ಅಂತ ಕಾಣುತ್ತಿದ್ದ ಅಂಕಿ ಈಗ ಸ್ಪಷ್ಟವಾಗಿ 5. ಸೀರಿಯಲ್ ಶುರುವಾಗುವುದೇ 509 ಅಂತ. ಎಲ್‌ಜಿಯಲ್ಲಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಎರಡು ತಿಂಗಳು. ಅಂದರೆ ಐದರಲ್ಲಿ ಮುಗಿಯುವ ವರ್ಷದ ಸೆಪ್ಟೆಂಬರ್.

ಆದರೆ ಯಾವ ಐದು? ಈ ಅಂಕಿ ಹತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ವಾ. 2005, 2015 ಎರಡೂ ಆಗಬಹುದು. ಇಲ್ಲಿ ಸೀರಿಯಲ್ ಒಂದೇ ಸಾಕಾಗಲ್ಲ, ಮೈಮೇಲಿನ ಬೇರೆ ಗುರುತು ಬೇಕು. ಬಾಗಿಲ ಮೇಲೆ ಬಿಇಇ ಸ್ಟಾರ್ ಸ್ಟಿಕ್ಕರ್ ಅರ್ಧ ಹರಿದು ಉಳಿದಿತ್ತು. ಭಾರತದಲ್ಲಿ ಸ್ಟಾರ್ ಲೇಬಲ್ ಶುರುವಾಗಿದ್ದೇ 2006ರಲ್ಲಿ. ಹಾಗಾಗಿ 2005 ಬಿಟ್ಟುಹೋಯಿತು. ಮಾಡೆಲ್ ನೋಡಿದರೆ 2025ರದ್ದಂತೂ ಅಲ್ಲ. 2015ರ ಸೆಪ್ಟೆಂಬರ್ ಅಂತ ಖಾತ್ರಿಯಾಯಿತು.

ಮಾರುವವರು "ಐದಾರು ವರ್ಷದ್ದು" ಅಂದಿದ್ದರು. ಫೋಟೋ ತೋರಿಸಿ, ಬೆಲೆ ಇಳಿಸಿ ಅಂತ ಕೇಳಿದ್ದೇನೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.