ಪದಚರ್ಚೆ: ‘ವೇವರ್ ಆಫ್ ಸಬ್ರೊಗೇಶನ್’ ಕೇಳುವ ಪತ್ರವನ್ನು ಕನ್ನಡದಲ್ಲಿ ಹೇಗೆ ಬರೆಯುವುದು?

ಎಲ್ಲರಿಗೂ ನಮಸ್ಕಾರ.

ತಮ್ಮ ಬದಿಯಡ್ಕದಲ್ಲಿ ಅಡಿಕೆ ದಾಸ್ತಾನಿಗೆ ಒಂದು ಗೋದಾಮು ಬಾಡಿಗೆಗೆ ಹಿಡಿಯುತ್ತಿದ್ದಾನೆ. ಕರಾರು ಇಂಗ್ಲಿಷಿನಲ್ಲಿದೆ. ಬಾಡಿಗೆದಾರ ತನ್ನ ವಿಮಾ ಕಂಪನಿಯಿಂದ ಕಟ್ಟಡದ ಮಾಲೀಕರ ಪರವಾಗಿ ‘ವೇವರ್ ಆಫ್ ಸಬ್ರೊಗೇಶನ್’ ತರಿಸಿಕೊಡಬೇಕು ಅಂತ ಅದರಲ್ಲೊಂದು ಷರತ್ತು. ಪತ್ರವನ್ನು ಮೊದಲು ಕನ್ನಡದಲ್ಲಿ ಬರಿ, ಅಪ್ಪನಿಗೂ ಓದಿಸಬೇಕು ಅಂದ. ಹೀಗೆ ಬರೆದೆ: ‘ಕರಾರಿನ ಪ್ರಕಾರ ಸ್ಥಾನಾಪನ್ನ ಹಕ್ಕನ್ನು ಮನ್ನಾ ಮಾಡಬೇಕಾಗಿ ವಿನಂತಿ.’ ಅಪ್ಪ ಓದಿ, ‘ಯಾರ ಹಕ್ಕು, ಯಾರಿಗೆ ಮನ್ನಾ?’ ಅಂದರು. ಬಲ್ಲವರು ಹೇಳಿ.

—

ಅಕ್ಕಾ, ಇಷ್ಟೆಲ್ಲ ಯಾಕೆ? ಮಾಲೀಕರ ಹೆಸರನ್ನೂ ಪಾಲಿಸಿಯಲ್ಲಿ ಸೇರಿಸಿ ಅಂತ ಬರೆದರೆ ಸಾಕಲ್ವಾ? ತನ್ನ ಪಾಲಿಸಿಯಲ್ಲೇ ಇರುವವರ ಮೇಲೆ ಕಂಪನಿ ದಾವೆ ಹಾಕುವುದಿಲ್ಲ. ನಮ್ಮ ಹೊಸೂರಿನಲ್ಲಿ ಕೆಲವರು ಹಾಗೇ ಮಾಡುತ್ತಾರೆ.

—

ಅಕ್ಕಲಕೋಟೆಯಿಂದ ನಾನು. ಸೊಲ್ಲಾಪುರದ ಚಾದರದ ಬೇಲುಗಳು ಲಾರಿಯಲ್ಲಿ ನೆನೆದು ಹಾಳಾದವು. ವಿಮೆ ಹಣ ಕೊಡುವಾಗ ಮುದ್ರಾಂಕ ಕಾಗದದ ಮೇಲೆ ಸಬ್ರೊಗೇಶನ್ ಅಂತ ಸಹಿ ಹಾಕಿಸಿಕೊಂಡರು. ಈಗ ಲಾರಿಯವನು ಪರಿಚಯದವನು, ಬಿಟ್ಟುಬಿಡಿ ಅನ್ನುತ್ತಿದ್ದಾನೆ. ನಾನೂ ಈ ವೇವರ್ ಕೇಳಬಹುದಾ?

—

ಉಪ್ಪಳದಿಂದ ಬರೆಯುತ್ತಿದ್ದೇನೆ. ನಿವೃತ್ತಿವರೆಗೆ ಅಗ್ನಿವಿಮೆಯ ಕಾಗದಗಳನ್ನೇ ನೋಡಿದವನು.

ನಿಮ್ಮ ಅಪ್ಪ ಕೇಳಿದ್ದೇ ಮುಖ್ಯ ಪ್ರಶ್ನೆ. ಕಟ್ಟಡದ ಹಳೆಯ ವಯರಿಂಗ್‌ನಿಂದ ಬೆಂಕಿ ಹತ್ತಿ 20 ಲಕ್ಷದ ಅಡಿಕೆ ಸುಟ್ಟಿತು ಅಂತಿಟ್ಟುಕೊಳ್ಳಿ. ಕಂಪನಿ ನಿಮ್ಮ ತಮ್ಮನಿಗೆ ಹಣ ಕೊಡುತ್ತದೆ. ಆಮೇಲೆ ಅವನ ಜಾಗದಲ್ಲಿ ನಿಂತು, ವಯರಿಂಗ್ ಸರಿಯಿಡದ ಮಾಲೀಕರಿಂದ ಆ ಹಣ ವಸೂಲಿಗೆ ಹೊರಡುತ್ತದೆ. ಇದೇ ಸಬ್ರೊಗೇಶನ್, ಮಾಲೀಕರಿಗೆ ಬೇಡವಾದದ್ದೂ ಇದೇ. ಅಂದರೆ ಹಕ್ಕು ಬಿಡಬೇಕಾದದ್ದು ಕಂಪನಿ, ನಿಮ್ಮ ತಮ್ಮನಲ್ಲ. ಅವನು ಕೇಳುವವನು ಮಾತ್ರ.

ಕನ್ನಡದಲ್ಲಿ ಕರ್ತೃ ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಇಂಥ ಪತ್ರದಲ್ಲಿ ಆ ಸೌಕರ್ಯ ತೆಗೆದುಕೊಳ್ಳಬೇಡಿ. ‘ವಿಮಾದಾರ’ ಅಂತಲೂ ಬೇಡ, ಅದನ್ನು ಕೆಲವರು ಕಂಪನಿಗೆ ಹೇಳುತ್ತಾರೆ, ಕೆಲವರು ಪಾಲಿಸಿ ಮಾಡಿಸಿದವರಿಗೆ. ‘ಮನ್ನಾ’ ಅಂದರೆ ಬಾಡಿಗೆ ಬಾಕಿ ಬಿಟ್ಟ ಹಾಗೆ ಕೇಳಿಸುತ್ತದೆ. ಹೀಗೆ ಬರೆಯಿರಿ:

‘ನಮ್ಮ ಅಗ್ನಿವಿಮಾ ಪಾಲಿಸಿ ಸಂಖ್ಯೆ ____. ದಿನಾಂಕ ____ರ ಬಾಡಿಗೆ ಕರಾರಿನ ____ನೇ ಷರತ್ತು ಹೀಗೆ ಕೇಳುತ್ತದೆ: ____ ವಿಳಾಸದ ಗೋದಾಮಿನಲ್ಲಿರುವ ನಮ್ಮ ದಾಸ್ತಾನಿನ ನಷ್ಟವನ್ನು ನಿಮ್ಮ ಕಂಪನಿ ನಮಗೆ ಭರಿಸಿದ ಮೇಲೆ, ಆ ಹಣವನ್ನು ಕಟ್ಟಡದ ಮಾಲೀಕರಾದ ____ ಅವರಿಂದ ವಸೂಲು ಮಾಡುವ ಹಕ್ಕನ್ನು ನಿಮ್ಮ ಕಂಪನಿ ಬಿಟ್ಟುಕೊಡಬೇಕು. ಹಾಗೆ ಬಿಟ್ಟುಕೊಡುವುದಾಗಿ ಕರಾರು ಶುರುವಾಗುವ ದಿನದಿಂದ ಪಾಲಿಸಿಗೆ ಎಂಡಾರ್ಸ್‌ಮೆಂಟ್ ಹಾಕಿಕೊಡಿ. ಹೆಚ್ಚಿನ ಪ್ರೀಮಿಯಂ ಇದ್ದರೆ ತಿಳಿಸಿ. ಷರತ್ತಿನ ಪ್ರತಿ ಲಗತ್ತಿಸಿದೆ.’

ಕರಾರಿಗೆ ಸಹಿ ಬೀಳುವ ಮೊದಲೇ ಇದನ್ನು ಕೊಡಿ. ಕಂಪನಿಗೆ ಹೇಳದೆ ನಿಮ್ಮ ತಮ್ಮನೇ ಮಾಲೀಕರಿಗೆ ‘ಹಕ್ಕು ಬಿಟ್ಟುಕೊಟ್ಟೆ’ ಅಂತ ಬರೆದುಕೊಟ್ಟರೆ ತೊಂದರೆ. ಬೇರೆಯವರಿಂದ ವಸೂಲು ಮಾಡಲು ಕಂಪನಿಗೆ ನೆರವಾಗಬೇಕು ಅಂತ ಅಗ್ನಿ ಪಾಲಿಸಿಯಲ್ಲಿ ಷರತ್ತಿರುತ್ತದೆ. ಪಾಲಿಸಿ ಮಾಡಿಸಿದವರಿಗೆ ಇಲ್ಲದ ಹಕ್ಕು ಕಂಪನಿಗೆ ಬರುವುದೂ ಇಲ್ಲ. ಚರಣ್ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಸಬ್ರೊಗೇಶನ್ನನ್ನು ವಿವರಿಸಿದ್ದು ಈ ನೆಲೆಯಲ್ಲೇ. ಹಾಗಾಗಿ ಕ್ಲೇಮಿನ ಹೊತ್ತಿಗೆ ಕಂಪನಿ ತಕರಾರು ತೆಗೆಯಬಹುದು.

ಹೊಸೂರಿನವರ ಮಾತು ಅರ್ಧ ಸರಿ. ಹೆಸರು ಸೇರಿದವರ ಮೇಲೆ ದಾವೆ ಹಾಕುವುದು ಕಂಪನಿಗೆ ಕಷ್ಟ. ಆದರೆ ಅಡಿಕೆ ಮಾಲೀಕರದ್ದಲ್ಲ, ಅದರ ಪಾಲಿಸಿಯಲ್ಲಿ ಅವರಿಗೇನು ಪಾಲು? ಸುಮ್ನೆ ಕ್ಲೇಮಿನಲ್ಲಿ ಗೋಜಲು. ಕರಾರು ಎರಡನ್ನೂ ಕೇಳಿದರೆ ಬೇರೆ ಮಾತು.

ಅಕ್ಕಲಕೋಟೆಯವರೇ, ನಿಮ್ಮದು ತದ್ವಿರುದ್ಧ. ನೀವು ಸಹಿ ಹಾಕಿದ್ದು ಹಕ್ಕು ಕೊಡುವ ಪತ್ರಕ್ಕೆ. ಹಣ ತಗೊಂಡಾಗಿದೆ, ಲಾರಿಯವನನ್ನು ಬಿಡುವ ಅಧಿಕಾರ ಈಗ ನಿಮಗಿಲ್ಲ.

—

ಉಪಕಾರ ಆಯಿತು ಮಾಷ್ಟ್ರೇ. ಅಪ್ಪನಿಗೆ ಈಗ ಅರ್ಥ ಆಯಿತು, ಜೊತೆಗೆ ಇನ್ನೊಂದು ಪ್ರಶ್ನೆಯೂ ಹುಟ್ಟಿತು. ನಷ್ಟದ ಶೇಕಡಾ 5 ನಾವೇ ಹೊರಬೇಕು ಅಂತ ಪಾಲಿಸಿಯಲ್ಲಿದೆ. ಆ 1 ಲಕ್ಷವನ್ನು ಮಾಲೀಕರ ಹತ್ತಿರ ಕೇಳಬಹುದಾ?

—

ಪತ್ರ ಮುಟ್ಟುವುದು ಕಂಪನಿ ಕೊಟ್ಟ 19 ಲಕ್ಷವನ್ನು ಮಾತ್ರ. ಉಳಿದ 1 ಲಕ್ಷ ಕರಾರಿನ ಮೇಲೆ ನಿಂತಿದೆ. ‘ಬಾಡಿಗೆದಾರ ಮಾಲೀಕರನ್ನು ಎಲ್ಲ ಹೊಣೆಯಿಂದ ಬಿಡುಗಡೆ ಮಾಡುತ್ತಾನೆ’ ಎಂಬಂಥ ಸಾಲು ಬೇರೆ ಕಡೆ ಇದೆಯಾ ನೋಡಿ. ಇದ್ದರೆ ಅದೂ ಹೋದಂತೆ. ಸಹಿಗೆ ಮೊದಲು ಅದನ್ನು ತಿದ್ದಿಸಿ.

—

ಅದೋನಿಯಿಂದ. ಪತ್ರದಲ್ಲಿ ‘ಮಾಲೀಕರಾದ ಇಂಥವರು’ ಅಂತ ಮಾತ್ರ ಇದೆ. ಅವರ ಕಾವಲುಗಾರನೋ ಮೇಸ್ತ್ರಿಯೋ ಬೆಂಕಿಗೆ ಕಾರಣನಾದರೆ? ‘ಮತ್ತು ಅವರ ಕೆಲಸದವರು’ ಅಂತ ಸೇರಿಸಬಾರದೇ?

—

ಕರಾರಿನಲ್ಲಿ ಆ ಮಾತಿದ್ದರೆ ಸೇರಿಸಲೇಬೇಕು. ಇಲ್ಲದಿದ್ದರೆ ನಾನಾಗಿ ಸೇರಿಸಲಾರೆ, ಕಂಪನಿಯ ಹಕ್ಕನ್ನು ಬೇಕಾದ್ದಕ್ಕಿಂತ ಜಾಸ್ತಿ ಬಿಡಿಸಿದ ಹಾಗಾಗುತ್ತದೆ.

—

ಒಪ್ಪಲಾರೆ. ಕೆಲಸದವನ ತಪ್ಪಿಗೆ ಹೊಣೆ ಕೊನೆಗೆ ಮಾಲೀಕನದ್ದೇ ಅಲ್ವಾ? ಅಕ್ಕಾ, ಷರತ್ತಿನ ಇಂಗ್ಲಿಷ್ ಸಾಲನ್ನು ಪೂರ್ತಿ ಟೈಪ್ ಮಾಡಿ ಕಳಿಸಿ, ನೋಡೋಣ.